ಮೈ ಅಳತೆಯೋ, ಬಟ್ಟೆ ಅಳತೆಯೋ?

ನಮ್ಮ ಮನೆ ಮೂಡಿಗೆರೆಯಿಂದ ಒಳಗೆ, ಕಾಫಿ ತೋಟದ ಮಧ್ಯೆ. ಆನ್‌ಲೈನ್‌ನಲ್ಲಿ ತರಿಸಿದ್ದೆಲ್ಲ ಪೇಟೆಯ ಪರಿಚಯದ ಅಂಗಡಿಗೆ ಬಂದು ಇಳಿಯುತ್ತದೆ. ವಾಪಸ್ ಕಳಿಸುವುದೇ ಕಷ್ಟ. ನಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲ ಎಂದು ಎಷ್ಟೋ ಸಲ ತೋರಿಸುತ್ತದೆ. ಆಗ ನಾವೇ ಪ್ಯಾಕ್ ಮಾಡಿ ಕೊರಿಯರ್‌ಗೆ ಕೊಡಬೇಕು. ಎರಡು ವರ್ಷದ ಹಿಂದೆ ಒಂದು ಕಾಟನ್ ಕುರ್ತಾಗೆ ಹೀಗೆ 140 ರೂಪಾಯಿಯೂ ಅರ್ಧ ದಿನವೂ ಹೋಯಿತು.

ಆ ಕುರ್ತಾ ತರಿಸುವಾಗ ನಾನು ಸೈಜ್ ಚಾರ್ಟ್ ನೋಡಿಯೇ ಇದ್ದೆ. ನನ್ನ ಎದೆ ಸುತ್ತಳತೆ 37 ಇಂಚು. ಚಾರ್ಟಿನಲ್ಲಿ M ಮುಂದೆ 38 ಎಂದಿತ್ತು. ಒಂದಿಂಚು ಜಾಸ್ತಿ ಇದೆಯಲ್ಲ, ಸಾಕು ಅಂದುಕೊಂಡೆ. ಬಂದ ಮೇಲೆ ಹಾಕಿ ನೋಡಿದರೆ ಮೈಗೆ ಇಳಿಯಿತು, ಆದರೆ ಕೈ ಮೇಲೆತ್ತಲು ಆಗಲಿಲ್ಲ. ಕಂಕುಳಲ್ಲಿ ಬಟ್ಟೆ ಹಿಡಿದು ಎಳೆಯುತ್ತಿತ್ತು.

ತಪ್ಪು ಎಲ್ಲಾಯಿತು ಎಂದು ಬಿಡಿಸಿ ಹೇಳಿದ್ದು ನಮ್ಮ ಟೈಲರ್. "ಅಕ್ಕ, ಆ 38 ಬಟ್ಟೆ ಅಳತೆ, ನಿಮ್ಮ ಅಳತೆ ಅಲ್ಲ. ನಾನು ಹೊಲಿಯುವಾಗಲೂ ಮೈ ಅಳತೆ ಮೇಲೆ ಮೂರು ನಾಲ್ಕು ಇಂಚು ಲೂಸ್ ಬಿಡ್ತೀನಿ ಅಲ್ವಾ?"

ಅಂದಿನಿಂದ ಚಾರ್ಟ್ ತೆರೆದ ಕೂಡಲೇ ನಾನು ಹುಡುಕುವುದು ಇದನ್ನೇ. To Fit Bust ಅಥವಾ Body Measurement ಎಂದಿದ್ದರೆ ಅದು ಮೈ ಅಳತೆ, ಲೂಸ್ ಅವರೇ ಸೇರಿಸಿರುತ್ತಾರೆ. Garment Measurement ಎಂದಿದ್ದರೆ ಹೊಲಿದ ಬಟ್ಟೆಯ ಅಳತೆ. ಸುಮ್ನೆ Bust ಎಂದಷ್ಟೇ ಇದ್ದರೆ ಮಾಡೆಲ್ ವಿವರ ನೋಡುತ್ತೇನೆ. ಮಾಡೆಲ್ ಎದೆ 33 ಇಂಚು, ಹಾಕಿರುವುದು S ಎಂದು ಬರೆದಿದ್ದು, ಚಾರ್ಟಿನಲ್ಲಿ S ಮುಂದೆ 36 ಇದ್ದರೆ, ಅದು ಹೆಚ್ಚುಕಡಿಮೆ ಬಟ್ಟೆ ಅಳತೆಯೇ.

ಬಟ್ಟೆ ಅಳತೆಗೆ ನನ್ನ ಮೈಗಿಂತ ನನ್ನ ಹಳೆಯ ಕುರ್ತಾವನ್ನು ಅಳೆಯುವುದೇ ವಾಸಿ. ದಿನವಿಡೀ ಹಾಕಿದರೂ ಎಲ್ಲೂ ಬಿಗಿಯಾಗದ ಒಂದು ಕಾಟನ್ ಕುರ್ತಾ ಇದೆ. ಅದನ್ನು ಮಂಚದ ಮೇಲಲ್ಲ, ನೆಲದ ಮೇಲೆ ಹಾಸಿದೆ. ಹಾಸಿಗೆ ಮೇಲಾದರೆ ಬಟ್ಟೆ ತಗ್ಗಿ ಲೆಕ್ಕ ತಪ್ಪುತ್ತದೆ. ಸುಕ್ಕು ಬಿಡಿಸಿ, ಎಳೆಯದೆ, ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದಕ್ಕೆ ಟೇಪು ಹಿಡಿದೆ. 20 ಮುಕ್ಕಾಲು ಇಂಚು. ಎರಡರಷ್ಟು ಮಾಡಿದರೆ 41 ಅರೆ. ಅಂದರೆ ನನಗೆ ನಾಲ್ಕೂವರೆ ಇಂಚು ಲೂಸ್ ಬೇಕು. ಅದೇ ಚಾರ್ಟಿನಲ್ಲಿ L 40, XL 42. ನಾನು XL ತಗೊಂಡೆ. ಕಾಟನ್ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ. ಜಾಸ್ತಿಯಾದರೆ ಪಕ್ಕದಲ್ಲಿ ಹಿಡಿಸಬಹುದು, ಆದರೆ ರೆಡಿಮೇಡ್‌ನಲ್ಲಿ ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆಯೇ ಇರುವುದಿಲ್ಲ. XL ಎಂಬ ಅಕ್ಷರ ನೋಡಿ ಹಿಂಜರಿಯಬೇಡಿ. ಟೀ ಶರ್ಟಿನಂತೆ ಹಿಗ್ಗುವ ಬಟ್ಟೆಗೆ ಇಷ್ಟು ಲೂಸ್ ಬೇಡ. ಆದ್ದರಿಂದ ಅಂಥದ್ದನ್ನು ಅಂಥದ್ದರ ಜೊತೆಗೇ ಹೋಲಿಸಬೇಕು.

ಚಪ್ಪಲಿ, ಶೂಗಳಲ್ಲೂ ಇದೇ ಗೊಂದಲ. ಕಳೆದ ಮಳೆಗಾಲಕ್ಕೆ ಮುಂಚೆ ಅಪ್ಪನಿಗೆ ಶೂ ತರಿಸಬೇಕಿತ್ತು. ಅವರು ಯಾವಾಗಲೂ "ನಂದು ಏಳು" ಎನ್ನುತ್ತಾರೆ. ನಾನು ಸಂಜೆ, ಅವರು ತೋಟದಿಂದ ಬಂದ ಮೇಲೆ ಅಳೆದೆ, ಏಕೆಂದರೆ ದಿನವಿಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ. ಮಳೆಗಾಲದಲ್ಲಿ ಹಾಕುವ ದಪ್ಪ ಸಾಕ್ಸನ್ನೇ ಹಾಕಿಸಿದೆ. ಗೋಡೆಗೆ ತಾಗಿಸಿ ನೆಲದ ಮೇಲೆ ಹಾಳೆ ಇಟ್ಟು, ಹಿಮ್ಮಡಿ ಗೋಡೆಗೆ ಮುಟ್ಟುವಂತೆ ಅಪ್ಪನನ್ನು ನಿಲ್ಲಿಸಿದೆ. ಕೂತರೆ ಪಾದ ಪೂರ್ತಿ ಚಾಚುವುದಿಲ್ಲ. ಉದ್ದದ ಬೆರಳಿನ ತುದಿಗೆ ಪೆನ್ಸಿಲ್ ನೆಟ್ಟಗೆ ಹಿಡಿದು ಗೆರೆ ಹಾಕಿದೆ. UK ಅಳತೆಯಲ್ಲಿ ಒಂದು ನಂಬರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಸುಮಾರು ಎಂಟೂವರೆ ಮಿಲಿಮೀಟರ್ ಅಷ್ಟೇ. ಪೆನ್ಸಿಲ್ ನಾಲ್ಕು ಮಿಲಿಮೀಟರ್ ವಾಲಿದರೂ ಅರ್ಧ ಸೈಜ್ ಹೋಯಿತು.

ಎಡಗಾಲು 25.4 ಸೆಂಟಿಮೀಟರ್, ಬಲಗಾಲು 25.9. ದೊಡ್ಡ ಕಾಲೇ ಲೆಕ್ಕ. ಆ ಚಾರ್ಟಿನಲ್ಲಿ 7ಕ್ಕೆ ಪಾದದ ಉದ್ದ 25.5, 8ಕ್ಕೆ 26.3 ಇತ್ತು. ಎಂಟೇ ತರಿಸಿದೆ. ಕೆಲವರು ಪಾದದ ಬದಲು ಶೂ ಒಳಗಿನ ಸೋಲ್ ಉದ್ದ ಕೊಟ್ಟಿರುತ್ತಾರೆ. ಅಲ್ಲಿ ಪಾದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಉದ್ದದ್ದನ್ನು ನೋಡಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಹೋಗಿ ಮುಂದಕ್ಕೆ ತಾಗುತ್ತದೆ.

ಅಗಲ ಮಾತ್ರ ಎಷ್ಟೋ ಚಾರ್ಟುಗಳಲ್ಲಿ ಇರುವುದೇ ಇಲ್ಲ. ಅಪ್ಪನ ಹಳೆಯ ಶೂ ಕಿರುಬೆರಳಿನ ಕಡೆ ಉಬ್ಬಿ ಹೊಲಿಗೆ ಬಿಟ್ಟಿತ್ತು. ಅದನ್ನು ನೋಡಿಯೇ ಈ ಸಲ ಸಡಿಲಿಸಬಹುದಾದ ಲೇಸಿನ ಶೂ ಆರಿಸಿದೆ. ಬಂದ ದಿನ ಟ್ಯಾಗ್ ಕೀಳದೆ ಚಾಪೆಯ ಮೇಲೆ ಹತ್ತು ನಿಮಿಷ ನಡೆಸಿದೆ. ಹಿಮ್ಮಡಿ ಜಾರಲಿಲ್ಲ, ಬೆರಳು ಮುಂದೆ ತಾಗಲಿಲ್ಲ. ಅಪ್ಪ ಲೇಸು ಬಿಚ್ಚುತ್ತಾ, "ಹಾಗಾದ್ರೆ ಇಷ್ಟು ದಿನ ನಂದು ಏಳಲ್ವಾ?" ಎಂದರು.