ಐದರ ಮಾನದಲ್ಲೇ ಕೂಡಿಸುವುದು, ಗುಣಿಸುವುದು ಹೇಗೆ?

ಐದರ ಮಾನದ ಲೆಕ್ಕ ಎದುರಾದಾಗ ಹೆಚ್ಚಿನವರು ಸಂಖ್ಯೆಗಳನ್ನು ಮೊದಲು ದಶಮಾನಕ್ಕೆ ತಂದು, ಅಲ್ಲಿ ಲೆಕ್ಕ ಮುಗಿಸಿ, ಉತ್ತರವನ್ನು ಮತ್ತೆ ಐದರ ಮಾನಕ್ಕೆ ಒಯ್ಯುತ್ತಾರೆ. ಈ ಸುತ್ತುದಾರಿ ಬೇಕಾಗಿಲ್ಲ. ಶಾಲೆಯಲ್ಲಿ ಕಲಿತ ಕೂಡುವ ಮತ್ತು ಗುಣಿಸುವ ಕ್ರಮವೇ ಇಲ್ಲಿಯೂ ನಡೆಯುತ್ತದೆ. ಬದಲಾಗುವುದು ಮಗ್ಗಿ ಮಾತ್ರ.

ಇಲ್ಲಿರುವ ಅಂಕಿಗಳು 0, 1, 2, 3, 4 ಅಷ್ಟೇ. ಬಲದಿಂದ ಎಡಕ್ಕೆ ಸ್ಥಾನಬೆಲೆಗಳು ಬಿಡಿ, ಐದು, ಇಪ್ಪತ್ತೈದು, ನೂರಿಪ್ಪತ್ತೈದು ಎಂದು ಏರುತ್ತವೆ. 10 ಎಂದು ಬರೆದದ್ದನ್ನು ‘ಹತ್ತು’ ಎಂದು ಓದದೆ ‘ಒಂದು ಸೊನ್ನೆ’ ಎಂದೇ ಓದಬೇಕು, ಏಕೆಂದರೆ ಅದರ ಬೆಲೆ ಐದು. ಇದು ಸಣ್ಣ ವಿಷಯದಂತೆ ಕಂಡರೂ ‘ಹತ್ತು’ ಎಂದು ಬಾಯಿಗೆ ಬಂದೊಡನೆ ಮನಸ್ಸು ದಶಮಾನಕ್ಕೆ ಜಾರಿಬಿಡುತ್ತದೆ. ಶಾಲೆಯಲ್ಲಿ ‘ದಶಕ ಒಂದು’ ಎಂದು ಮುಂದಿನ ಸ್ಥಾನಕ್ಕೆ ಒಯ್ಯುತ್ತಿದ್ದುದನ್ನು ಇಲ್ಲಿ ‘ಪಂಚಕ ಒಂದು’ ಎಂದುಕೊಳ್ಳುವುದು ಒಳ್ಳೆಯದು.

ಮೊದಲು ಕೂಡುವುದು. 4ಕ್ಕೆ 3 ಸೇರಿಸುವಾಗ ‘ಏಳು’ ಎಂದುಕೊಳ್ಳಬೇಡಿ. 4 ಐದಾಗಲು ಇನ್ನೊಂದು ಬೇಕು. ಅದನ್ನು 3ರಿಂದ ತೆಗೆದುಕೊಂಡರೆ ಒಂದು ಪಂಚಕ ತುಂಬಿ 2 ಉಳಿಯುತ್ತದೆ, ಆದ್ದರಿಂದ ಉತ್ತರ 12. ಈಗ 234ಕ್ಕೆ 143 ಕೂಡಿಸೋಣ. ಬಿಡಿಯಲ್ಲಿ 4 ಮತ್ತು 3 ಸೇರಿ 12. 2 ಬರೆದು ಪಂಚಕ ಒಂದನ್ನು ಒಯ್ಯಬೇಕು. ಐದರ ಸ್ಥಾನದಲ್ಲಿ 3 ಮತ್ತು 4 ಸೇರಿ ಮತ್ತೆ 12, ಒಯ್ದ ಒಂದು ಸೇರಿ 13. 3 ಬರೆದು ಒಂದನ್ನು ಒಯ್ಯಬೇಕು. ಕೊನೆಯ ಸ್ಥಾನದಲ್ಲಿ 2, 1 ಮತ್ತು ಒಯ್ದ 1 ಸೇರಿ 4. ಉತ್ತರ 432.

ಗುಣಾಕಾರಕ್ಕೆ ಮಗ್ಗಿ ಬೇಕು, ಆದರೆ ಅದು ಬಹಳ ಪುಟ್ಟದು. ಈಗ ಕಲಿತ ಕೂಡುವಿಕೆಯಿಂದಲೇ ಅದನ್ನು ಕಟ್ಟಿಕೊಳ್ಳಬಹುದು:

```
2ರ ಮಗ್ಗಿ:  2   4  11  13
3ರ ಮಗ್ಗಿ:  3  11  14  22
4ರ ಮಗ್ಗಿ:  4  13  22  31
```

ನಾಲ್ಕರ ಸಾಲಿನಲ್ಲಿ 13, 22, 31 ಎಂದು ಎಡದ ಅಂಕಿ ಒಂದೊಂದೇ ಏರುತ್ತ, ಬಲದ ಅಂಕಿ ಒಂದೊಂದೇ ಇಳಿಯುತ್ತ ಹೋಗುತ್ತದೆ. ದಶಮಾನದಲ್ಲಿ ಒಂಬತ್ತರ ಮಗ್ಗಿ ಆಡುವ ಆಟವೇ ಇದು.

ಈಗ 234ನ್ನು 32ರಿಂದ ಗುಣಿಸೋಣ. 2ರಿಂದ ಗುಣಿಸುವಾಗ: ಎರಡು ನಾಲ್ಕಲೆ 13, 3 ಬರೆದು 1 ಒಯ್ಯುವುದು, ಎರಡು ಮೂರಲೆ 11, ಒಯ್ದ 1 ಸೇರಿ 12, 2 ಬರೆದು 1 ಒಯ್ಯುವುದು, ಎರಡು ಎರಡಲೆ 4, ಒಯ್ದ 1 ಸೇರಿ 10. ಮೊದಲ ಸಾಲು 1023. 3ರಿಂದ ಗುಣಿಸುವಾಗ: ಮೂರು ನಾಲ್ಕಲೆ 22, 2 ಬರೆದು 2 ಒಯ್ಯುವುದು, ಮೂರು ಮೂರಲೆ 14, ಒಯ್ದ 2 ಸೇರಿ 21, 1 ಬರೆದು 2 ಒಯ್ಯುವುದು, ಮೂರು ಎರಡಲೆ 11, ಒಯ್ದ 2 ಸೇರಿ 13. ಎರಡನೆಯ ಸಾಲು 1312. ಅದನ್ನು ಒಂದು ಸ್ಥಾನ ಎಡಕ್ಕೆ ಸರಿಸಬೇಕು.

```
    234
  ×  32
  -----
   1023
  13120
  -----
  14143
```

ತಪ್ಪು ಎಲ್ಲಿ ನುಸುಳುತ್ತದೆ? ಉತ್ತರದಲ್ಲಿ 7 ಅಥವಾ 8 ಕಂಡರೆ ಕಣ್ಣಿಗೇ ಸಿಕ್ಕಿಬೀಳುತ್ತದೆ. ಕಳ್ಳ ತಪ್ಪು ‘ಮೂರು ನಾಲ್ಕಲೆ ಹನ್ನೆರಡು’ ಎಂಬ ಹಳೆಯ ಅಭ್ಯಾಸದ್ದು. 12 ಎಂಬುದರ ಎರಡೂ ಅಂಕಿಗಳು ಐದರ ಮಾನಕ್ಕೆ ಸಲ್ಲುವಂಥವು. ಬರೆಯುವ 2 ಕೂಡ ಸರಿಯೇ. ಒಯ್ಯುವುದು ಮಾತ್ರ 2ರ ಬದಲು 1 ಆಗುತ್ತದೆ. ಆಗ ಎರಡನೆಯ ಸಾಲು 1302 ಆಗಿ, ಉತ್ತರ 14043 ಎಂದು ಬರುತ್ತದೆ, ನೋಡಲು ಯಾವ ದೋಷವೂ ಕಾಣದು.

ಇದನ್ನು ಹಿಡಿಯಲು ಅಂಕಿಗಳನ್ನು ಕೂಡಿಸಿ ನಾಲ್ಕುಗಳನ್ನು ಬಿಡುತ್ತ ಹೋಗಬೇಕು. ಐದನ್ನು ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುವುದರಿಂದ, ಯಾವ ಸಂಖ್ಯೆಯನ್ನೇ ಆಗಲಿ ನಾಲ್ಕರಿಂದ ಭಾಗಿಸಿದಾಗ ಉಳಿಯುವ ಶೇಷವೂ ಅದರ ಅಂಕಿಗಳ ಮೊತ್ತದಿಂದ ಉಳಿಯುವ ಶೇಷವೂ ಒಂದೇ. 234ರಲ್ಲಿ 4 ಬಿಟ್ಟರೆ 2 ಮತ್ತು 3 ಸೇರಿ 10, ಅಂದರೆ ಅಂಕಿಗಳನ್ನು ಮತ್ತೆ ಕೂಡಿಸಿದರೆ 1. 32ರಿಂದಲೂ 1 ಬರುತ್ತದೆ. ಆದ್ದರಿಂದ ಗುಣಲಬ್ಧದಿಂದಲೂ 1 ಬರಬೇಕು. 14143ರಲ್ಲಿ ನಾಲ್ಕುಗಳನ್ನು ಬಿಟ್ಟರೆ 1, 1, 3 ಸೇರಿ 10, ಅಂದರೆ 1, ಸರಿಹೊಂದುತ್ತದೆ. 14043ರಲ್ಲಿ ಉಳಿಯುವ 1, 0, 3 ಸೇರಿ 4, ಅದನ್ನೂ ಬಿಟ್ಟರೆ ಸೊನ್ನೆ, ತಪ್ಪು ಬಯಲಾಯಿತು.

ಆದರೆ ಅಂಕಿಗಳು ಅದಲುಬದಲಾಗಿ 14143ರ ಬದಲು 14413 ಎಂದು ಬರೆದಿದ್ದರೆ ಈ ಪರೀಕ್ಷೆ ಏನೂ ಹೇಳುವುದಿಲ್ಲ, ಏಕೆಂದರೆ ಮೊತ್ತ ಬದಲಾಗಿರುವುದಿಲ್ಲ. ಅದಕ್ಕೆ ಗುಣಕ ಗುಣ್ಯಗಳನ್ನು ತಿರುವುಮುರುವು ಮಾಡಿ 32ನ್ನು 234ರಿಂದ ಗುಣಿಸಿ ನೋಡಬೇಕು: ಸಾಲುಗಳು 233, 2010, 11400 ಎಂದು ಬಂದು, ಕೂಡಿದಾಗ ಮತ್ತೆ 14143 ಸಿಗುತ್ತದೆ.