ಜಾಹೀರಾತಿನಿಂದ ಬಂದವರು ಚೆಕ್‌ಔಟ್‌ನಲ್ಲಿ ಎಲ್ಲಿ ನಿಂತುಬಿಡುತ್ತಾರೆ: ನನ್ನ ಅನುಭವ

ಪ್ರಯಾಣದ ಚೀಲಗಳನ್ನು ಮಾರುವ ಒಂದು ಆನ್‌ಲೈನ್ ಅಂಗಡಿಯ ಚೆಕ್‌ಔಟ್ ಪುಟಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅಲ್ಲಿಗೆ ಹಣ ಕೊಟ್ಟು ಕರೆತಂದ ಸಂದರ್ಶಕರಲ್ಲಿ ಬಹುಪಾಲು ಜನ ಸಾಮಾಜಿಕ ಜಾಲತಾಣಗಳ ಆ್ಯಪ್‌ನಲ್ಲಿ ಜಾಹೀರಾತು ನೋಡಿ, ಫೋನ್‌ನಲ್ಲೇ ಕ್ಲಿಕ್ ಮಾಡಿ ಬರುತ್ತಿದ್ದರು. ಅವರು ಬಣ್ಣ ಮತ್ತು ಅಳತೆ ಆರಿಸಿ, ಚೀಲವನ್ನು ಕಾರ್ಟ್‌ಗೆ ಹಾಕಿ, ಚೆಕ್‌ಔಟ್ ಗುಂಡಿಯನ್ನೂ ಒತ್ತುತ್ತಿದ್ದರು; ಆದರೆ ಆರ್ಡರ್ ಪೂರ್ಣಗೊಳ್ಳುತ್ತಿದ್ದುದು ಬಹಳ ಕಡಿಮೆ. ಅಂಗಡಿಯ ವೆಬ್ ವಿಳಾಸವನ್ನು ತಾವೇ ಟೈಪ್ ಮಾಡಿ ಬರುವ ಹಳೆಯ ಗ್ರಾಹಕರಿಗೆ ಅದೇ ಪುಟಗಳಲ್ಲಿ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಜಾಹೀರಾತು ತಪ್ಪು ಜನರಿಗೆ ತಲುಪುತ್ತಿದೆ ಎಂಬುದು ತಂಡದ ಮೊದಲ ಊಹೆಯಾಗಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಏಕೆಂದರೆ ಆಸಕ್ತಿಯಿಲ್ಲದವರು ಉತ್ಪನ್ನದ ಪುಟದಲ್ಲೇ ಹಿಂತಿರುಗುತ್ತಾರೆಯೇ ಹೊರತು ಅಳತೆ ಆರಿಸಿ ಚೆಕ್‌ಔಟ್‌ವರೆಗೆ ಬರುವುದಿಲ್ಲ.

ಆದ್ದರಿಂದ ಮೊದಲು ಮಾಡಿದ ಕೆಲಸವೆಂದರೆ ಎಲ್ಲರನ್ನೂ ಒಟ್ಟುಗೂಡಿಸಿದ ಸರಾಸರಿಯನ್ನು ಬದಿಗಿಟ್ಟು, ಜಾಹೀರಾತಿನ ಮೂಲಕ ಫೋನ್‌ನಲ್ಲಿ ಬಂದವರನ್ನಷ್ಟೇ ಪ್ರತ್ಯೇಕವಾಗಿ ನೋಡಿದ್ದು. ಗೂಗಲ್ ಅನಲಿಟಿಕ್ಸ್‌ನಲ್ಲಿ `begin_checkout`, `add_shipping_info`, `add_payment_info`, `purchase` ಎಂಬ ನಾಲ್ಕು ಘಟನೆಗಳನ್ನು ಸರಿಯಾದ ಹಂತಗಳಲ್ಲಿ ಕಳುಹಿಸುವಂತೆ ಮಾಡಿದರೆ, ಜನ ಯಾವ ಎರಡು ಹಂತಗಳ ನಡುವೆ ಕಳೆದುಹೋಗುತ್ತಿದ್ದಾರೆ ಎಂಬುದು ಕಾಣುತ್ತದೆ. ನಮ್ಮಲ್ಲಿ ದೊಡ್ಡ ಕುಸಿತ ಎರಡು ಕಡೆ ಇತ್ತು: ಚೆಕ್‌ಔಟ್ ಆರಂಭ ಮತ್ತು ವಿಳಾಸ ತುಂಬುವ ಹಂತದ ನಡುವೆ ಒಂದು, ಪಾವತಿಯ ವಿಧಾನ ಆರಿಸಿದ ನಂತರ ಇನ್ನೊಂದು. ಮೊದಲನೆಯ ಜಾಗದಲ್ಲಿ ಇದ್ದದ್ದು ಲಾಗಿನ್ ಪುಟ.

ಲಾಗಿನ್ ಪುಟ ಹಳೆಯ ಗ್ರಾಹಕರನ್ನು ತಡೆಯದೆ ಇವರನ್ನು ಮಾತ್ರ ಏಕೆ ತಡೆಯುತ್ತಿತ್ತು ಎಂಬುದು ಕಚೇರಿಯ ಕಂಪ್ಯೂಟರ್‌ನಲ್ಲಿ ನೋಡಿದರೆ ತಿಳಿಯುವಂಥದ್ದಲ್ಲ. ಜಾಹೀರಾತಿನ ಮೇಲೆ ಒತ್ತಿದಾಗ ಪುಟ ತೆರೆಯುವುದು ಅನೇಕ ವೇಳೆ ಫೋನ್‌ನ ಮುಖ್ಯ ಬ್ರೌಸರ್‌ನಲ್ಲಲ್ಲ, ಆ ಆ್ಯಪ್‌ನ ಒಳಗೇ ಇರುವ ಪುಟ್ಟ ಬ್ರೌಸರ್‌ನಲ್ಲಿ. ಗ್ರಾಹಕರ ಗುರುತನ್ನು ನೆನಪಿಡುವ ಮುಖ್ಯ ಬ್ರೌಸರ್‌ನ ಕುಕೀಗಳು ಅಲ್ಲಿಗೆ ಬರುವುದಿಲ್ಲವಾದ್ದರಿಂದ ಈಗಾಗಲೇ ಲಾಗಿನ್ ಆಗಿರುವ ಗ್ರಾಹಕರೂ ಅಲ್ಲಿ ಹೊಸಬರಂತೆ ಕಾಣುತ್ತಾರೆ, ಉಳಿಸಿಟ್ಟ ಪಾಸ್‌ವರ್ಡ್ ತಾನಾಗಿ ತುಂಬಿಕೊಳ್ಳದಿರುವುದೂ ಸಾಮಾನ್ಯ. ನಮ್ಮ ಪುಟದಲ್ಲಿದ್ದ ಗೂಗಲ್ ಲಾಗಿನ್ ಗುಂಡಿಯನ್ನು ನಾನೇ ಜಾಹೀರಾತಿನ ಮೂಲಕ ಹೋಗಿ ಒತ್ತಿದಾಗ `disallowed_useragent` ಎಂಬ ದೋಷದ ಪುಟ ಬಂತು. ಭದ್ರತೆಯ ಕಾರಣದಿಂದ ಗೂಗಲ್ ಇಂಥ ಒಳಬ್ರೌಸರ್‌ಗಳಲ್ಲಿ ಲಾಗಿನ್ ಬೇಡಿಕೆಯನ್ನು ನಿರಾಕರಿಸುತ್ತದೆ. ಸುಲಭವೆಂದು ನಾವು ಮೇಲ್ಭಾಗದಲ್ಲಿ ಇಟ್ಟಿದ್ದ ದಾರಿಯೇ ಹಣ ಕೊಟ್ಟು ಕರೆತಂದವರ ಪಾಲಿಗೆ ಮುಚ್ಚಿತ್ತು.

ಇನ್ನು ಹೊಸ ಖಾತೆ ತೆರೆಯಲು ಹೊರಟವರ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅವರ ಇಮೇಲ್‌ಗೆ ದೃಢೀಕರಣದ ಲಿಂಕ್ ಹೋಗುತ್ತಿತ್ತು. ಅವರು ಇಮೇಲ್ ಆ್ಯಪ್‌ಗೆ ಹೋಗಿ ಲಿಂಕ್ ಒತ್ತಿದರೆ ಅದು ಮುಖ್ಯ ಬ್ರೌಸರ್‌ನಲ್ಲಿ ತೆರೆಯುತ್ತಿತ್ತು. ಕಾರ್ಟ್ ಇದ್ದದ್ದು ಜಾಹೀರಾತಿನ ಆ್ಯಪ್‌ನ ಒಳಗೆ. ಖಾತೆ ಸಿದ್ಧವಾಗಿದೆ ಎಂಬ ಸಂದೇಶದ ಪಕ್ಕದಲ್ಲೇ ಕಾರ್ಟ್ ಖಾಲಿ ಎಂದು ತೋರುತ್ತಿತ್ತು. ಅಷ್ಟೆಲ್ಲ ಮಾಡಿದವರು ಮತ್ತೆ ಮೊದಲಿನಿಂದ ಚೀಲ ಹುಡುಕುತ್ತಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಹಾಗಾಗಿ ಲಾಗಿನ್ ಪುಟವನ್ನೇ ದಾರಿಯಿಂದ ತೆಗೆದೆವು. ಲಾಗಿನ್ ಗುಂಡಿಯ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಖಾತೆಯಿಲ್ಲದೆ ಗೆಸ್ಟ್ ಆಗಿ ಖರೀದಿಸುವ ಆಯ್ಕೆಯನ್ನು ಸೇರಿಸುವ ಸಲಹೆ ಬಂದಿತ್ತು, ಆದರೆ ಅದು ಸಾಲದು ಎಂಬುದು ನನ್ನ ನಿಲುವಾಗಿತ್ತು. ಫೋನ್‌ನ ಪರದೆಯಲ್ಲಿ ಮೊದಲು ಕಾಣುವ ದೊಡ್ಡ ಗುಂಡಿಯೇ ಜನರಿಗೆ ಕಾಣುವ ಏಕೈಕ ದಾರಿ. ಚೆಕ್‌ಔಟ್ ಒತ್ತಿದ ತಕ್ಷಣ ನೇರವಾಗಿ ಇಮೇಲ್ ಮತ್ತು ವಿಳಾಸದ ಫಾರಂ ತೆರೆಯುವಂತೆ ಮಾಡಿ, ಖಾತೆ ಇರುವವರಿಗಾಗಿ ಲಾಗಿನ್ ಲಿಂಕನ್ನು ಒಂದು ಸಾಲಿನಲ್ಲಿ ಉಳಿಸಿದೆವು. ಖಾತೆ ತೆರೆಯುವ ಆಹ್ವಾನವನ್ನು ಆರ್ಡರ್ ಖಚಿತವಾದ ನಂತರದ ಪುಟಕ್ಕೆ ಸಾಗಿಸಿದೆವು. ಹೆಸರು, ಇಮೇಲ್, ವಿಳಾಸ ಎಲ್ಲವೂ ಆಗಲೇ ನಮ್ಮ ಬಳಿ ಇರುವುದರಿಂದ ಅಲ್ಲಿ ಕೇಳಬೇಕಾದದ್ದು ಪಾಸ್‌ವರ್ಡ್ ಒಂದನ್ನೇ.

ಫಾರಂನಲ್ಲಿ ಪ್ರತಿ ಖಾನೆಗೂ ಕಾರಣ ಕೇಳಿದೆವು. ಸಂಸ್ಥೆಯ ಹೆಸರು, ಹುಟ್ಟಿದ ದಿನಾಂಕ, ಎರಡನೆಯ ಫೋನ್ ಸಂಖ್ಯೆ ಹೊರಬಿದ್ದವು. ಉಳಿದ ಖಾನೆಗಳಿಗೆ ಬ್ರೌಸರ್ ಗುರುತಿಸುವ ಹೆಸರುಗಳನ್ನು ಕೊಟ್ಟೆವು:

```html
<input type="email" autocomplete="email">
<input type="tel" autocomplete="tel">
<input inputmode="numeric" autocomplete="one-time-code">
```

ಮೊದಲ ಎರಡು ಸಾಲುಗಳಿಂದ ಸರಿಯಾದ ಕೀಲಿಮಣೆ ತೆರೆದುಕೊಳ್ಳುತ್ತದೆ ಮತ್ತು ಉಳಿಸಿಟ್ಟ ವಿವರಗಳಿದ್ದರೆ ಫೋನ್ ಅವನ್ನು ತುಂಬಲು ಮುಂದಾಗುತ್ತದೆ. ಮೂರನೆಯದು ಒಟಿಪಿ ಖಾನೆಗೆ. ಸಂದೇಶದಲ್ಲಿ ಬಂದ ಅಂಕಿಗಳನ್ನು ಕೀಲಿಮಣೆಯ ಮೇಲೆಯೇ ಸೂಚಿಸಲು ಇದು ನೆರವಾಗುತ್ತದೆ, ಆದ್ದರಿಂದ ಗ್ರಾಹಕರು ಪುಟ ಬಿಟ್ಟು ಸಂದೇಶಗಳ ಆ್ಯಪ್‌ಗೆ ಹೋಗಿಬರುವ ಅಗತ್ಯ ತಪ್ಪುತ್ತದೆ.

ಗೆಸ್ಟ್ ಖರೀದಿಯಲ್ಲಿ ಒಂದು ಎಚ್ಚರಿಕೆಯ ಜಾಗವಿದೆ. ಈಗಾಗಲೇ ಖಾತೆಯಿರುವ ಇಮೇಲ್ ಅನ್ನು ಯಾರಾದರೂ ಗೆಸ್ಟ್ ಆಗಿ ಬರೆದಾಗ, ಆ ಖಾತೆಯಲ್ಲಿ ಉಳಿಸಿರುವ ವಿಳಾಸವನ್ನೋ ಹಿಂದಿನ ಆರ್ಡರ್‌ಗಳನ್ನೋ ತೋರಿಸಿದರೆ, ಬೇರೆಯವರ ಇಮೇಲ್ ಗೊತ್ತಿರುವ ಯಾರಿಗಾದರೂ ಅವರ ಮನೆಯ ವಿಳಾಸ ಸಿಕ್ಕಿಬಿಡುತ್ತದೆ. ಹಾಗಾಗಿ ಅಂಥ ಆರ್ಡರನ್ನು ಗೆಸ್ಟ್ ಆರ್ಡರ್ ಆಗಿಯೇ ಸ್ವೀಕರಿಸಿ, ಗ್ರಾಹಕರು ಮುಂದೆ ಇಮೇಲ್ ದೃಢೀಕರಿಸಿ ಲಾಗಿನ್ ಆದಾಗ ಮಾತ್ರ ಅದನ್ನು ಖಾತೆಗೆ ಜೋಡಿಸುತ್ತಿದ್ದೆವು.

ಪಾವತಿಯ ಹಂತದಲ್ಲಿ ಆಯ್ಕೆಗಳು ಕಡಿಮೆ ಇರುವುದೇ ಸಮಸ್ಯೆ ಎಂದು ಹಲವರು ಭಾವಿಸುತ್ತಾರೆ. ನಮ್ಮಲ್ಲಿ ಆಯ್ಕೆಗಳು ಬೇಕಾದಷ್ಟಿದ್ದವು, ಎಲ್ಲವೂ ಒಂದೇ ಗಾತ್ರದಲ್ಲಿ ಉದ್ದಕ್ಕೆ ಸಾಲಾಗಿದ್ದವು, ಆದರೆ ಹೆಚ್ಚು ಬಳಕೆಯಾಗುವ ವಿಧಾನ ಪರದೆಯ ಕೆಳಗೆ ಮರೆಯಾಗಿತ್ತು. ಫೋನ್‌ನಲ್ಲಿ ನಿಜವಾಗಿ ಬಳಕೆಯಾದ ಕ್ರಮಕ್ಕೆ ಪಟ್ಟಿಯನ್ನು ಬದಲಿಸಿ, ಅಪರೂಪದವನ್ನು ‘ಇತರ ವಿಧಾನಗಳು’ ಎಂಬುದರೊಳಗೆ ಇಟ್ಟೆವು. ಕೆಲವು ವಾಲೆಟ್ ಗುಂಡಿಗಳು ಒಳಬ್ರೌಸರ್‌ನಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ, ಆ ಸಾಧನದಲ್ಲಿ ಸಾಧ್ಯವೇ ಎಂದು ಪುಟ ಮೊದಲು ಪರೀಕ್ಷಿಸಿ, ಸಾಧ್ಯವಿದ್ದರೆ ಮಾತ್ರ ಗುಂಡಿ ತೋರಿಸುವಂತೆ ಮಾಡಿದೆವು. ಸಾಗಣೆ ಶುಲ್ಕ ಸೇರಿದ ಒಟ್ಟು ಮೊತ್ತವನ್ನು ಪಾವತಿಯ ಪುಟಕ್ಕೆ ಮೊದಲೇ, ಕಾರ್ಟ್‌ನಲ್ಲೇ ತೋರಿಸಿದೆವು.

ಆದರೂ ಪಾವತಿಯ ನಂತರದ ಕುಸಿತ ಪೂರ್ತಿ ಸರಿಹೋಗಲಿಲ್ಲ. ಕಾರಣ ತಿಳಿದದ್ದು ಪಾವತಿ ಸಂಸ್ಥೆಯ ವರದಿಯನ್ನೂ ನಮ್ಮ ಆರ್ಡರ್ ಪಟ್ಟಿಯನ್ನೂ ಸಾಲು ಸಾಲಾಗಿ ಹೋಲಿಸಿದಾಗ: ಹಣ ಕಡಿತವಾಗಿದ್ದ ಕೆಲವು ವ್ಯವಹಾರಗಳಿಗೆ ನಮ್ಮಲ್ಲಿ ಆರ್ಡರೇ ಇರಲಿಲ್ಲ. ಪಾವತಿ ಮುಗಿದ ಮೇಲೆ ಗ್ರಾಹಕರು ನಮ್ಮ ‘ಧನ್ಯವಾದ’ ಪುಟಕ್ಕೆ ಮರಳಿದಾಗ ಮಾತ್ರ ಆರ್ಡರ್ ಖಚಿತವಾಗುವಂತೆ ಹಿಂದಿನ ವ್ಯವಸ್ಥೆ ಕಟ್ಟಲ್ಪಟ್ಟಿತ್ತು. ಬ್ಯಾಂಕ್ ಆ್ಯಪ್‌ಗೆ ಹೋಗಿ ಅನುಮತಿ ಕೊಟ್ಟವರು ಹಿಂತಿರುಗುವಾಗ ಮುಖ್ಯ ಬ್ರೌಸರ್‌ಗೆ ಬಂದಿಳಿಯುತ್ತಿದ್ದರು. ಅಲ್ಲಿ ಅವರ ಸೆಷನ್, ಅಂದರೆ ಅವರು ಯಾರೆಂದು ನಮ್ಮ ತಾಣ ಗುರುತಿಸುವ ಕೊಂಡಿ, ಇರಲಿಲ್ಲ. ಇದಲ್ಲದೆ, ಪಾವತಿ ತಾಣ ಗ್ರಾಹಕರನ್ನು ಫಾರಂ ಸಲ್ಲಿಸುವ ಬಗೆಯ POST ಬೇಡಿಕೆಯ ಮೂಲಕ ಹಿಂದಕ್ಕೆ ಕಳುಹಿಸುತ್ತಿದ್ದುದರಿಂದ, ಬೇರೆ ತಾಣದಿಂದ ಬರುವ ಅಂಥ ಬೇಡಿಕೆಗೆ ಸೇರಿಸಬಾರದೆಂಬ ಅರ್ಥದಲ್ಲಿ `SameSite=Lax` ಎಂದು ಗುರುತಿಸಿದ ನಮ್ಮ ಸೆಷನ್ ಕುಕೀಯನ್ನು ಬ್ರೌಸರ್ ಆ ಬೇಡಿಕೆಯ ಜೊತೆ ಕಳುಹಿಸುತ್ತಿರಲಿಲ್ಲ. ಸರ್ವರ್ ಲಾಗ್‌ನಲ್ಲಿ ಹಿಂತಿರುಗುವ ವಿಳಾಸಕ್ಕೆ ಬಂದ ಬೇಡಿಕೆಗಳು ಕುಕೀ ಇಲ್ಲದೆ ಬಂದಿವೆಯೇ ಎಂದು ನೋಡಿದರೆ ಈ ದೋಷ ಗೊತ್ತಾಗುತ್ತದೆ.

ಪರಿಹಾರ ಎರಡು ಭಾಗಗಳಲ್ಲಿತ್ತು. ಪಾವತಿ ಸಂಸ್ಥೆಯ ಸರ್ವರ್ ನೇರವಾಗಿ ನಮ್ಮ ಸರ್ವರ್‌ಗೆ ಕಳುಹಿಸುವ ವೆಬ್‌ಹುಕ್ ಬಂದಾಗ, ಅದರ ಸಹಿಯನ್ನು ಪರಿಶೀಲಿಸಿ, ಗ್ರಾಹಕರು ಮರಳಲಿ ಬಿಡಲಿ ಆರ್ಡರನ್ನು ಖಚಿತಪಡಿಸುವುದು ಮೊದಲ ಭಾಗ. ಒಂದೇ ವೆಬ್‌ಹುಕ್ ಮತ್ತೆ ಮತ್ತೆ ಬರುವ ಸಾಧ್ಯತೆ ಇರುವುದರಿಂದ, ಆ ಪಾವತಿಯ ಸಂಖ್ಯೆ ಈಗಾಗಲೇ ದಾಖಲಾಗಿದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಹಿಂತಿರುಗುವ ವಿಳಾಸದಲ್ಲೇ ಆ ಆರ್ಡರ್‌ಗೆ ಮಾತ್ರ ಸೇರಿದ, ಊಹಿಸಲಾಗದ ಒಂದು ಟೋಕನ್ ಇಟ್ಟು, ಸೆಷನ್ ಇಲ್ಲದಿದ್ದರೂ ಆರ್ಡರ್‌ನ ಸ್ಥಿತಿಯನ್ನು ತೋರಿಸುವುದು ಎರಡನೆಯ ಭಾಗ. ಪಾವತಿ ವಿಫಲವಾಗಿದ್ದರೆ ಅದೇ ಪುಟದಲ್ಲಿ ಕಾರ್ಟ್ ಮತ್ತು ವಿಳಾಸ ಹಾಗೆಯೇ ಉಳಿದು, ಬೇರೆ ವಿಧಾನ ಆರಿಸುವ ಗುಂಡಿ ಕಾಣುತ್ತಿತ್ತು. ಮೊದಲು ಅಲ್ಲಿ ‘ಏನೋ ತಪ್ಪಾಗಿದೆ’ ಎಂದಷ್ಟೇ ಇತ್ತು. ಹಣ ಹೋಯಿತೋ ಇಲ್ಲವೋ ಎಂಬ ಆತಂಕದಲ್ಲಿರುವವರಿಗೆ ಅದಕ್ಕಿಂತ ಕೆಟ್ಟ ವಾಕ್ಯ ಇನ್ನೊಂದಿಲ್ಲ.

ಧನ್ಯವಾದ ಪುಟಕ್ಕೆ ಮರಳದವರ ಖರೀದಿ ಜಾಹೀರಾತು ವ್ಯವಸ್ಥೆಗೂ ಕಾಣುವುದಿಲ್ಲ, ಆದ್ದರಿಂದ ಅದು ಚೆನ್ನಾಗಿ ಕೆಲಸ ಮಾಡುತ್ತಿರುವ ಜಾಹೀರಾತನ್ನೇ ವಿಫಲವೆಂದು ಎಣಿಸಿ ಹಿಂದೆ ಸರಿಸಬಹುದು. ಖರೀದಿಯ ಘಟನೆಯನ್ನು ಸರ್ವರ್‌ನಿಂದಲೂ ಕಳುಹಿಸಿ, ಪುಟದಿಂದ ಹೋಗುವುದಕ್ಕೂ ಅದಕ್ಕೂ ಒಂದೇ ಆರ್ಡರ್ ಸಂಖ್ಯೆ ಕೊಟ್ಟರೆ ಎರಡೆರಡು ಎಣಿಕೆ ತಪ್ಪುತ್ತದೆ. ಅನಲಿಟಿಕ್ಸ್‌ನಲ್ಲಿ ಪಾವತಿ ತಾಣದ ವಿಳಾಸವನ್ನು ಬೇಡದ ಮೂಲಗಳ ಪಟ್ಟಿಗೆ ಸೇರಿಸುವುದೂ ಅಗತ್ಯ, ಇಲ್ಲದಿದ್ದರೆ ಜಾಹೀರಾತಿಗೆ ಸಲ್ಲಬೇಕಾದ ಆರ್ಡರ್ ಪಾವತಿ ತಾಣದ ಹೆಸರಿಗೆ ಹೋಗಬಹುದು.

ಈ ಬದಲಾವಣೆಗಳಿಂದ ಆಗುವ ಲಾಭ ಎಷ್ಟು ಎಂದು ಅಂಗಡಿಯ ಮಾಲೀಕರು ಕೇಳಿದಾಗ ನಾನು ಕ್ಲಿಕ್‌ಗಳಲ್ಲಿ ಉತ್ತರ ಕೊಡುತ್ತಿದ್ದೆ. 1000 ಕ್ಲಿಕ್‌ಗಳಲ್ಲಿ 60 ಜನ ಚೆಕ್‌ಔಟ್‌ಗೆ ಬಂದು 15 ಜನ ಖರೀದಿಸಿದರು ಎಂದಿಟ್ಟುಕೊಳ್ಳಿ. ಒಂದು ಆರ್ಡರ್‌ಗೆ ಸುಮಾರು 67 ಕ್ಲಿಕ್‌ಗಳ ಖರ್ಚಾಯಿತು. ಅದೇ 60 ಜನರಲ್ಲಿ 24 ಜನ ಖರೀದಿಸಿದರೆ ಅದು ಸುಮಾರು 42ಕ್ಕೆ ಇಳಿಯುತ್ತದೆ, ಜಾಹೀರಾತಿನಲ್ಲಿ ಏನನ್ನೂ ಮುಟ್ಟದೆಯೇ.

ಸರಕು ತಲುಪಿದ ಮೇಲೆ ಹಣ ಕೊಡುವ ಆಯ್ಕೆಯನ್ನು ಮಾತ್ರ ಈ ಲೆಕ್ಕದಿಂದ ಅಳೆಯಲು ನಾನು ಒಪ್ಪಲಿಲ್ಲ. ಅದನ್ನು ತೆರೆದರೆ ಆರ್ಡರ್‌ಗಳ ಸಂಖ್ಯೆ ಕೂಡಲೇ ಏರುತ್ತದೆ, ಆದರೆ ಬಾಗಿಲಲ್ಲಿ ನಿರಾಕರಿಸಲ್ಪಟ್ಟ ಪ್ರತಿ ಪೊಟ್ಟಣಕ್ಕೂ ಹೋಗಿಬರುವ ಸಾಗಣೆಯ ವೆಚ್ಚ ಅಂಗಡಿಯದೇ. ಹಾಗಾಗಿ ಆ ಆಯ್ಕೆಯನ್ನು ಜಾಹೀರಾತಿನಿಂದ ಬಂದವರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ತೋರಿಸಿ, ಎರಡೂ ಗುಂಪುಗಳಲ್ಲಿ ಆರ್ಡರ್‌ಗಳನ್ನಲ್ಲ, ತಲುಪಿ ಹಣ ಸಂದಾಯವಾದ ಪೊಟ್ಟಣಗಳನ್ನು ಎಣಿಸಿದೆವು. ಸರಕು ಹಿಂತಿರುಗುವ ಅವಧಿ ಮುಗಿಯುವವರೆಗೆ ಫಲಿತಾಂಶದ ಹಾಳೆಯನ್ನು ಯಾರೂ ತೆರೆಯಕೂಡದೆಂದು ಮೊದಲೇ ನಿರ್ಧರಿಸಿದ್ದೆವು.