ಸಾವಿರ ಬೀಡಿಯ ಲೆಕ್ಕ: ಕೈಗೆ ನಿಜವಾಗಿ ಎಷ್ಟು ಉಳಿಯುತ್ತದೆ?

ಮನೆಯಲ್ಲಿ ಬೀಡಿ ಕಟ್ಟುವವರಿಗೆ ಕೂಲಿ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ. ಕೆಲವು ಗುತ್ತಿಗೆದಾರರು ಎಲೆ ಮತ್ತು ತಂಬಾಕನ್ನು ಮೊದಲೇ ತೂಗಿ ಕೊಟ್ಟು, ಕಟ್ಟಿದ ಬೀಡಿಯ ಬೆಲೆಯಿಂದ ಆ ಹಣವನ್ನು ಹಿಡಿದುಕೊಂಡು, ಉಳಿದದ್ದನ್ನು ಪಾವತಿಸುತ್ತಾರೆ. ಈ ಪದ್ಧತಿಯಲ್ಲಿ ತಿಂಗಳ ಕೊನೆಗೆ ಬರುವ ಮೊತ್ತ ಎಣಿಸಿದ್ದಕ್ಕಿಂತ ಕಡಿಮೆಯಾದರೆ, ವ್ಯತ್ಯಾಸ ಎಲ್ಲಿ ಆಯಿತೆಂಬುದನ್ನು ಗುತ್ತಿಗೆದಾರರು ಲೆಕ್ಕ ಬರೆದುಕೊಡುವ ಪಾಸ್‌ಬುಕ್ಕಿನ ಮೊತ್ತವೊಂದೇ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದು ನೋಟ್‌ಬುಕ್ ಮತ್ತು ಅಡುಗೆಮನೆಯ ತಕ್ಕಡಿ ಸಾಕು.

ಮೊದಲು ನಾಲ್ಕು ಅಂಕಿಗಳನ್ನು ಅದದೇ ದಿನ ಬರೆದಿಡಬೇಕು: ತಂದ ಎಲೆಯ ತೂಕ, ತಂದ ತಂಬಾಕಿನ ತೂಕ, ಕಟ್ಟಿ ಒಪ್ಪಿಸಿದ ಬೀಡಿಯ ಸಂಖ್ಯೆ, ಅದರಲ್ಲಿ ತಿರಸ್ಕೃತವಾದ ಸಂಖ್ಯೆ. ಕೊನೆಯ ಎರಡನ್ನು ಬಹಳಷ್ಟು ಮಂದಿ ಒಟ್ಟಿಗೆ ಬರೆಯುತ್ತಾರೆ. ಹಾಗೆ ಮಾಡಿದರೆ ನಷ್ಟ ಎಲೆಯಲ್ಲಿ ಆಯಿತೋ ತಿರಸ್ಕಾರದಲ್ಲಿ ಆಯಿತೋ ತಿಳಿಯುವುದಿಲ್ಲ.

ಈಗ ಒಂದು ತಿಂಗಳ ಲೆಕ್ಕವನ್ನು ನೋಡೋಣ. ದರಗಳು ಊರಿಂದ ಊರಿಗೆ ಬದಲಾಗುವುದರಿಂದ ಇಲ್ಲಿನ ಅಂಕಿಗಳನ್ನು ಉದಾಹರಣೆಗಾಗಿ ಮಾತ್ರ ಇಟ್ಟುಕೊಂಡಿದ್ದೇನೆ. ಸಾವಿರ ಬೀಡಿಗೆ 450 ರೂಪಾಯಿ ದರ. ಅದಕ್ಕೆ 600 ಗ್ರಾಂ ಎಲೆ ಮತ್ತು 250 ಗ್ರಾಂ ತಂಬಾಕು ಕೊಟ್ಟು ಗುತ್ತಿಗೆದಾರರು 220 ರೂಪಾಯಿ ಹಿಡಿಯುತ್ತಾರೆ. ಹಾಗಾದರೆ ಸಾವಿರಕ್ಕೆ 230 ರೂಪಾಯಿ ಉಳಿಯಬೇಕು, 20 ಸಾವಿರಕ್ಕೆ 4,600 ರೂಪಾಯಿ. ಮಹಿಳೆಯೊಬ್ಬರು 20 ಸಾವಿರಕ್ಕೆ ಸಾಲುವ ಕಚ್ಚಾ ಸಾಮಗ್ರಿ ತಂದರು. ಎಲೆ ಸಾಲದೆ 19 ಸಾವಿರ ಮಾತ್ರ ಕಟ್ಟಲಾಯಿತು, ಅದರಲ್ಲಿ 500 ತಿರಸ್ಕೃತವಾಗಿ 18,500 ಬೀಡಿಗಷ್ಟೇ ಹಣ ಬಂತು. ಅದು 8,325 ರೂಪಾಯಿ. ಸಾಮಗ್ರಿಯ ಹಣವನ್ನು ಮಾತ್ರ 20 ಸಾವಿರಕ್ಕೆ ಪೂರ್ತಿಯಾಗಿ, ಅಂದರೆ 4,400 ರೂಪಾಯಿ, ಹಿಡಿಯಲಾಯಿತು. ಉಳಿದದ್ದು 3,925 ರೂಪಾಯಿ.

ನಿರೀಕ್ಷೆಗಿಂತ 675 ರೂಪಾಯಿ ಕಡಿಮೆ. 1,500 ಬೀಡಿ ಕೈತಪ್ಪಿದ್ದಕ್ಕೆ ಸಾವಿರಕ್ಕೆ 230ರಂತೆ 345 ರೂಪಾಯಿ ಹೋಗಿರಬೇಕೆಂದು ಅನೇಕರು ಭಾವಿಸುತ್ತಾರೆ. ಇಡೀ ಲೆಕ್ಕದಲ್ಲಿ ಜನ ಎಡವುವುದು ಇಲ್ಲಿಯೇ. ಸಾಮಗ್ರಿಯ ಹಣವನ್ನು ಕೊಟ್ಟ ತೂಕಕ್ಕೆ ಹಿಡಿಯುತ್ತಾರೆ, ಬೀಡಿಯ ಹಣವನ್ನು ಒಪ್ಪಿಕೊಂಡ ಸಂಖ್ಯೆಗೆ ಕೊಡುತ್ತಾರೆ. ಆದ್ದರಿಂದ ಕೈತಪ್ಪಿದ ಪ್ರತಿ ಸಾವಿರಕ್ಕೂ ನಷ್ಟವಾಗುವುದು 230 ಅಲ್ಲ, ಪೂರ್ತಿ 450 ರೂಪಾಯಿ.

ಕಟ್ಟಲಾಗದೆ ಹೋದ ಆ ಒಂದು ಸಾವಿರಕ್ಕೆ ಮುಖ್ಯ ಕಾರಣ ಎಲೆಯ ತೇವವಾಗಿರಬಹುದು. ತಿಂಗಳಿಗೆ ಬಂದ 12 ಕಿಲೋ ಎಲೆಯಲ್ಲಿ 600 ಗ್ರಾಂ ನೀರೇ ಇದ್ದರೆ, ಸರಿಯಾಗಿ ಒಂದು ಸಾವಿರ ಬೀಡಿಯ ಎಲೆ ಇಲ್ಲದಂತಾಗುತ್ತದೆ. ಇದನ್ನು ಪರೀಕ್ಷಿಸಲು, ನೆನೆಸುವ ಮೊದಲೇ ಒಂದು ಕಿಲೋ ಎಲೆಯನ್ನು ಪ್ರತ್ಯೇಕವಾಗಿ ತೂಗಿ, ನೆರಳಿನಲ್ಲಿ ಹರಡಿ, ಮರುದಿನ ಮತ್ತೆ ತೂಗಬೇಕು. ತೂಕ ಗಣನೀಯವಾಗಿ ಇಳಿದಿದ್ದರೆ ಆ ಅಂಕಿಯನ್ನು ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ತೋರಿಸಿ ಮಾತನಾಡಬಹುದು. ತೂಕ ಇಳಿಯದಿದ್ದರೂ ಬೀಡಿ ಕಡಿಮೆ ಬಂದಿದ್ದರೆ, ಕತ್ತರಿಸುವಾಗ ಬೇರ್ಪಡಿಸಿದ ಹರಿದ ಹಾಗೂ ತೂತು ಬಿದ್ದ ಎಲೆಯನ್ನು ಎಸೆಯದೆ ಕೂಡಿಟ್ಟು ತೂಗಬೇಕು. ದೋಷ ಎಲೆಯ ಗುಣಮಟ್ಟದ್ದೆಂಬುದು ಅದರಿಂದ ಸ್ಪಷ್ಟವಾಗುತ್ತದೆ.

ತಿರಸ್ಕೃತವಾದ 500ರ ವಿಷಯ ಬೇರೆ. ಅವುಗಳ ಎಲೆ, ತಂಬಾಕಿನ ಬೆಲೆಯನ್ನು ಕಟ್ಟಿದವರೇ ತೆತ್ತಿರುವುದರಿಂದ, ಆ ಬೀಡಿಗಳನ್ನು ಹಿಂತಿರುಗಿಸುವಂತೆ ಕೇಳಬೇಕು. ತಂಬಾಕನ್ನು ಬಿಡಿಸಿ ಮತ್ತೆ ಬಳಸಬಹುದು. ಬ್ರಾಂಚಿನವರು ಹಣವನ್ನೂ ಕೊಡದೆ ಬೀಡಿಯನ್ನೂ ಇಟ್ಟುಕೊಳ್ಳುವುದು ನನ್ನ ಅಭಿಪ್ರಾಯದಲ್ಲಿ ಸ್ಪಷ್ಟವಾದ ಅನ್ಯಾಯ.

ಇನ್ನು ಮನೆಯ ಖರ್ಚು. ನೂಲಿಗೆ 100, ಬಸ್ಸಿಗೆ 150 ರೂಪಾಯಿ ಕಳೆದರೆ ನಿವ್ವಳ 3,675 ರೂಪಾಯಿ, ಅಂದರೆ ಒಪ್ಪಿಕೊಂಡ ಸಾವಿರಕ್ಕೆ ಸುಮಾರು 199. ಎಲೆ ನೆನೆಸಿ ಕತ್ತರಿಸುವ ಸಮಯವೂ ಸೇರಿ 24 ದಿನ, ದಿನಕ್ಕೆ 6 ಗಂಟೆ ದುಡಿದಿದ್ದರೆ ಗಂಟೆಗೆ ಸುಮಾರು 25 ರೂಪಾಯಿ 50 ಪೈಸೆ ಬಿದ್ದಂತಾಯಿತು. ಎಲೆ ಕತ್ತರಿಸಿಕೊಟ್ಟ ಅತ್ತೆಯ ಸಮಯವನ್ನೂ ಸೇರಿಸಿದರೆ ಇನ್ನೂ ಕಡಿಮೆ, ಅದನ್ನು ಸೇರಿಸಲೇಬೇಕು.

ಕೊನೆಯದಾಗಿ ಪಾಸ್‌ಬುಕ್ಕಿನ ಭಾಷೆಯನ್ನೂ ಗಮನಿಸಬೇಕು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯ ನಿಧಿ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1985ರಲ್ಲಿಯೇ ಹೇಳಿದೆ. ಆದರೆ ಸಾಮಗ್ರಿಯನ್ನು ಮಾರಿ ಬೀಡಿಯನ್ನು ಕೊಂಡಂತೆ ಲೆಕ್ಕ ಬರೆದರೆ ಕೂಲಿ ಎಂಬ ಪದವೇ ದಾಖಲೆಯಲ್ಲಿ ಉಳಿಯುವುದಿಲ್ಲ, ನಿಧಿಗೆ ಹಣ ಕಟ್ಟಿದ ಗುರುತೂ ಇರುವುದಿಲ್ಲ. ಅಂತಹ ನಮೂದು ಕಂಡರೆ ಪುಟಗಳ ಪ್ರತಿಯನ್ನು ಇಟ್ಟುಕೊಂಡು, ನೋಟ್‌ಬುಕ್ಕಿನೊಂದಿಗೆ ಕಾರ್ಮಿಕ ಸಂಘದವರಿಗೆ ಅಥವಾ ಕಾರ್ಮಿಕ ಇಲಾಖೆಯ ಕಚೇರಿಗೆ ತೋರಿಸಬೇಕು.